ಬಾವಿಯ ಪಂಪಿಗೆ 280 ಮೀಟರ್ ವೈರು: ಎಷ್ಟು ದಪ್ಪ ಬೇಕು?

ಪ್ರಶ್ನೆ: ಸಾರ್, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಮೇಲಿದೆ, ಬಾವಿ ಕೆಳಗೆ ತೋಟದಲ್ಲಿದೆ. ಮೀಟರ್ ಬೋರ್ಡಿನಿಂದ ಬಾವಿಗೆ 280 ಮೀಟರ್. ಮನೆ ಬಳಕೆಯ ನೀರಿಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋನೋಬ್ಲಾಕ್ ಪಂಪು ಇದೆ, 2.5 ಎಂಎಂ ತಾಮ್ರದ ವೈರು ಎಳೆದಿದ್ದೇವೆ. ಬೆಳಿಗ್ಗೆ ಹೇಗೋ ಶುರುವಾಗುತ್ತೆ, ಸಂಜೆ ಬರೀ ಗುಂಯ್ ಅನ್ನುತ್ತೆ. ಎರಡು ಕೆಪಾಸಿಟರ್ ಹೋಯ್ತು. ಪಂಪಿನ ಹತ್ತಿರ ಮೀಟರ್ ಹಿಡಿದರೆ 215 ವೋಲ್ಟ್ ಸರಿಯಾಗೇ ತೋರಿಸುತ್ತೆ, ವೈರು ಮುಟ್ಟಿದರೆ ಬಿಸಿಯೂ ಇಲ್ಲ. ಅಂಗಡಿಯವರು 4 ಎಂಎಂ ಹಾಕಿ ಅಂತಾರೆ. ಪಕ್ಕದ ಮನೆಯವರು ಸ್ಟೆಬಿಲೈಸರ್ ಅಂತಾರೆ. ಇನ್ನೊಬ್ಬರು ಬಾವಿ ಹತ್ತಿರವೇ ಅರ್ತ್ ಹೊಡೆದು ಅದನ್ನೇ ನ್ಯೂಟ್ರಲ್ ಮಾಡಿ, ಇರುವ ಎರಡೂ ತಂತಿಯನ್ನು ಫೇಸಿಗೆ ಹಾಕಿ ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ಆ ಅರ್ತ್ ವಿಚಾರ ಮುಗಿಸಿಬಿಡೋಣ, ಯಾಕಂದ್ರೆ ಉಳಿದ ಸಲಹೆಗಳಲ್ಲಿ ಹೋಗುವುದು ದುಡ್ಡು, ಇದರಲ್ಲಿ ಹೋಗುವುದು ಜೀವ. ನಿಮ್ಮ ಪಂಪು ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಅರ್ತ್ ಪೈಪನ್ನು ನ್ಯೂಟ್ರಲ್ ಮಾಡಿದರೆ ಆ 7 ಆಂಪಿಯರೂ ಪೈಪಿನಿಂದ ಮಣ್ಣಿಗೆ ಇಳಿಯಬೇಕು. ಇದ್ದಿಲು, ಉಪ್ಪು ಹಾಕಿ ಚೆನ್ನಾಗಿ ಮಾಡಿದ ಅರ್ತ್ ಪೈಪಿಗೂ 10 ಓಮ್ ರೆಸಿಸ್ಟೆನ್ಸ್ ಇರಬಹುದು. 7 ಗುಣಿಸು 10, ಅಂದರೆ 70 ವೋಲ್ಟ್ ಅಲ್ಲೇ ಹೋಯಿತು. ನಿಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ 10 ಓಮ್ ಸಿಗುವುದೂ ಕಷ್ಟ. ಹಾಗಾಗಿ ವೋಲ್ಟೇಜ್ ಉಳಿಯುವುದಿಲ್ಲ, ಇನ್ನೂ ಜಾಸ್ತಿ ಹೋಗುತ್ತದೆ. ಅದಕ್ಕಿಂತ ಮುಖ್ಯ, ಪಂಪು ಓಡುವಷ್ಟು ಹೊತ್ತೂ ಆ 70 ವೋಲ್ಟ್ ಪೈಪಿನ ಮೇಲೆ, ಅದರ ಸುತ್ತಲಿನ ಒದ್ದೆ ನೆಲದ ಮೇಲೆ ಇರುತ್ತದೆ. ಬರಿಗಾಲಲ್ಲಿ ನೀರು ತರಲು ಹೋದವರಿಗೆ, ಹತ್ತಿರ ಮೇಯುವ ದನಕ್ಕೆ ಹೊಡೆಯುವುದು ಅದೇ. ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಮಣ್ಣಿಗೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇದ್ದರೆ ಅದು ಈ ಸಂಪರ್ಕವನ್ನು ಒಂದು ಕ್ಷಣವೂ ಒಪ್ಪುವುದಿಲ್ಲ. ಆಗ ನಮ್ಮ ಜನ ಏನು ಮಾಡುತ್ತಾರೆ ಅಂದರೆ ಆರ್‌ಸಿಸಿಬಿಯನ್ನೇ ತೆಗೆದುಬಿಡುತ್ತಾರೆ. ಬೇಡ.

ಈಗ ನಿಮ್ಮನ್ನು ಗೊಂದಲಕ್ಕೆ ಹಾಕಿದ ಎರಡು ವಿಷಯಕ್ಕೆ ಬರುತ್ತೇನೆ: 215 ವೋಲ್ಟ್ ತೋರಿಸುವ ಮೀಟರು ಮತ್ತು ಬಿಸಿಯಾಗದ ವೈರು. ಎರಡೂ ಸುಳ್ಳು ಹೇಳುತ್ತಿಲ್ಲ, ಆದರೆ ನೀವು ಕೇಳಬೇಕಾದ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಅಷ್ಟೇ.

ಉದ್ದದ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದರೆ ಒತ್ತಡ ಪೂರ್ತಿ ಇದ್ದಂತೆ ಅನಿಸುತ್ತದೆ, ಬೆರಳು ತೆಗೆದ ಮೇಲೆ ನೀರು ಸೊರಗುತ್ತದೆ. ವೈರೂ ಹಾಗೇ. ಕರೆಂಟು ಹರಿಯದೇ ಇದ್ದರೆ ವೋಲ್ಟೇಜ್ ನಷ್ಟ ಇಲ್ಲವೇ ಇಲ್ಲ, ತಲೆಕೂದಲಿನಷ್ಟು ಸಣ್ಣ ತಂತಿ ಎಳೆದರೂ ತುದಿಯಲ್ಲಿ 215 ತೋರಿಸುತ್ತದೆ. ನೀವು ಅಳೆದಿದ್ದು ಪಂಪು ನಿಂತಿರುವಾಗ ಅಂತ ನನ್ನ ಊಹೆ. ಪಂಪಿನ ಸ್ವಿಚ್ ಹಾಕಿದ ಮೇಲೆ, ಅದು ಗುಂಯ್ ಅನ್ನುತ್ತಿರುವಾಗಲೇ ಅಳೆದಿದ್ದರೆ 150ರ ಆಸುಪಾಸು ಏನೋ ಕಾಣುತ್ತಿತ್ತು. ಅದು ಹೇಗೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ, ಕಷ್ಟದ ಲೆಕ್ಕ ಏನಲ್ಲ.

```
ವೋಲ್ಟೇಜ್ ನಷ್ಟ = 2 × L × I × ρ / A
```

`L` ಅಂದರೆ ಒಂದು ದಿಕ್ಕಿನ ದೂರ, ಮೀಟರಿನಲ್ಲಿ. `I` ಕರೆಂಟು, ಆಂಪಿಯರಿನಲ್ಲಿ. `A` ತಂತಿಯ ಅಡ್ಡಕೊಯ್ತದ ವಿಸ್ತೀರ್ಣ. ಅಂಗಡಿಯಲ್ಲಿ 2.5 ಎಂಎಂ, 4 ಎಂಎಂ ಅನ್ನುವುದು ಇದನ್ನೇ, ಅದು ಚದರ ಮಿಲಿಮೀಟರ್, ತಂತಿಯ ವ್ಯಾಸ ಅಲ್ಲ. `ρ` ಲೋಹದ ಗುಣ: ತಾಮ್ರಕ್ಕೆ 0.018, ಅಲ್ಯೂಮಿನಿಯಮ್ಮಿಗೆ 0.029 ಅಂತ ಹಿಡಿದರೆ ಸಾಕು. ಇನ್ನು ಆ 2. ಜನ ಎಡವುವುದು ಇಲ್ಲೇ. ಕರೆಂಟು ಫೇಸಿನಲ್ಲಿ 280 ಮೀಟರ್ ಹೋಗುತ್ತದೆ, ನ್ಯೂಟ್ರಲ್ಲಿನಲ್ಲಿ 280 ಮೀಟರ್ ವಾಪಸ್ ಬರುತ್ತದೆ. ಹೋಗುವಾಗ ಎಷ್ಟು ಕರೆಂಟೋ ಬರುವಾಗಲೂ ಅಷ್ಟೇ. ಹಾಗಾಗಿ ಲೆಕ್ಕಕ್ಕೆ ನಿಮ್ಮ ತಂತಿ 560 ಮೀಟರ್. "ನ್ಯೂಟ್ರಲ್ ತಾನೇ, ಅದು ಸಣ್ಣದಿದ್ದರೂ ನಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಂಗಲ್ ಫೇಸಿನಲ್ಲಿ ನಷ್ಟದ ಅರ್ಧ ಪಾಲು ನ್ಯೂಟ್ರಲ್ಲಿನದೇ.

ನಿಮ್ಮ ಅಂಕಿ ಹಾಕೋಣ. 2 ಗುಣಿಸು 280 ಗುಣಿಸು 0.018, ಭಾಗಿಸು 2.5. ಸುಮಾರು 4 ಓಮ್ ಬರುತ್ತದೆ. ಇದು ನಿಮ್ಮ ವೈರಿನ ರೆಸಿಸ್ಟೆನ್ಸ್, ಹೋಗಿ ಬರುವ ಎರಡೂ ತಂತಿ ಸೇರಿ. ಪಂಪು ಓಡುವಾಗ 7 ಆಂಪಿಯರ್, ಅಂದರೆ 28 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಮನೆಯಲ್ಲಿ 215 ಇದ್ದರೆ ಪಂಪಿಗೆ ಸಿಗುವುದು 187. ಅದೂ ಒಳ್ಳೆಯ ಲೆಕ್ಕ. ಮೋಟರಿಗೆ ಮಾಡಬೇಕಾದ ಕೆಲಸ ಅಷ್ಟೇ ಇರುತ್ತದೆ, ನೀರು ಎತ್ತಲೇಬೇಕು, ಹಾಗಾಗಿ ವೋಲ್ಟೇಜ್ ಕಮ್ಮಿಯಾದಾಗ ಅದು ಕರೆಂಟನ್ನು ಜಾಸ್ತಿ ಎಳೆಯುತ್ತದೆ. 7 ಇದ್ದದ್ದು 8 ಆಯಿತು ಅಂದುಕೊಳ್ಳಿ, ನಷ್ಟ 32ಕ್ಕೆ ಏರಿತು, ಪಂಪಿಗೆ 183 ಉಳಿಯಿತು. ಮೋಟರಿನ ವೈಂಡಿಂಗ್ ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಆದ್ದರಿಂದ 7ರ ಜಾಗದಲ್ಲಿ 8 ಅಂದರೆ 30 ಶೇಕಡಾ ಜಾಸ್ತಿ ಬಿಸಿ. ನಮ್ಮ ಕಡೆ ಮಾರುವ ಎಷ್ಟೋ ಪಂಪುಗಳ ನೇಮ್ ಪ್ಲೇಟಿನಲ್ಲಿ 180ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ, ನಿಮ್ಮದನ್ನೂ ನೋಡಿ. 183ರಲ್ಲಿ ಓಡಿಸುವುದು ಅಂದರೆ ಅಂಚಿನಲ್ಲೇ ಓಡಿಸಿದ ಹಾಗೆ. ನೀರು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟಕ್ಕೇ ಆದರೆ ನಿಮ್ಮ ಪಂಪು ಕುಂಟಿಕೊಂಡು ವರ್ಷಗಟ್ಟಲೆ ಓಡುತ್ತಿತ್ತೇನೋ. ಕೆಪಾಸಿಟರ್ ತಿನ್ನುತ್ತಿರುವುದು ಸ್ಟಾರ್ಟಿಂಗು. ಸ್ವಿಚ್ ಹಾಕಿದ ಆ ಕ್ಷಣ ಮೋಟರ್ ನಿಂತಿರುತ್ತದೆ, ಮಾಮೂಲಿಗಿಂತ 4ರಿಂದ 6 ಪಟ್ಟು ಕರೆಂಟು ಕೇಳುತ್ತದೆ. 5 ಪಟ್ಟು ಅಂತ ಹಿಡಿಯಿರಿ, 35 ಆಂಪಿಯರ್. ನಿಮ್ಮ 4 ಓಮ್ ವೈರು ಅಷ್ಟನ್ನು ಕೊಡಲು ಬಿಡುವುದೇ ಇಲ್ಲ. ಲೆಕ್ಕ ಹಾಕಿದರೆ ಸುಮಾರು 22 ಆಂಪಿಯರಿಗೆ ನಿಲ್ಲುತ್ತದೆ, ಮೋಟರಿನ ಟರ್ಮಿನಲ್ಲಿನಲ್ಲಿ 150 ವೋಲ್ಟಿಗಿಂತ ಸ್ವಲ್ಪ ಕೆಳಗೆ ಉಳಿಯುತ್ತದೆ. ಮೋಟರ್ ತಿರುಗುವ ಬಲ ವೋಲ್ಟೇಜಿನ ವರ್ಗದ ಮೇಲೆ ನಿಂತಿದೆ. ವೋಲ್ಟೇಜ್ 230ರಿಂದ 150ಕ್ಕೆ ಇಳಿದರೆ ಬಲ ಅರ್ಧಕ್ಕಿಂತಲೂ ಕೆಳಗೆ, 40 ಶೇಕಡಾ ಆಸುಪಾಸಿಗೆ ಬರುತ್ತದೆ. ಬೆಳಿಗ್ಗೆ ಹೇಗೋ ಎದ್ದುಕೊಳ್ಳುವುದು ಈ 40ರಲ್ಲಿ.

ಸಂಜೆ 7 ಗಂಟೆಗೆ ಊರಿನವರೆಲ್ಲ ಲೈಟು, ಟಿವಿ, ಮಿಕ್ಸಿ ಹಾಕುತ್ತಾರೆ. ಮನೆಯಲ್ಲೇ 195 ಇರುತ್ತದೆ. ಆಗ ಸ್ಟಾರ್ಟಿಂಗಿನಲ್ಲಿ ಪಂಪಿಗೆ 135 ವೋಲ್ಟ್, ಬಲ ಮೂರರಲ್ಲಿ ಒಂದು ಪಾಲು. ಮೋಟರ್ ಏಳುವುದಿಲ್ಲ. ಸ್ಟಾರ್ಟಿಂಗ್ ಕೆಪಾಸಿಟರ್ ಇರುವ ಮೋಟರಿನಲ್ಲಿ ಒಳಗೊಂದು ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ, ವೇಗ ಬಂದ ಮೇಲೆ ಅದು ಕೆಪಾಸಿಟರನ್ನು ಬಿಡಿಸುತ್ತದೆ. ವೇಗವೇ ಬರದಿದ್ದರೆ ಬಿಡಿಸುವುದಿಲ್ಲ. ಒಂದೆರಡು ಸೆಕೆಂಡಿಗೆ ಅಂತ ಮಾಡಿದ ಕೆಪಾಸಿಟರು ಗುಂಯ್ ಅನ್ನುವ ಅಷ್ಟೂ ಹೊತ್ತು ಲೈನಿನಲ್ಲೇ ಇದ್ದು ಉಬ್ಬಿ ಒಡೆಯುತ್ತದೆ. ಕೆಪಾಸಿಟರ್ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ಗುಂಯ್ ಅಂದ ಕೂಡಲೇ ಸ್ವಿಚ್ ಆಫ್ ಮಾಡಿ, ಇನ್ನೊಂದು ಸಲ ನೋಡೋಣ ಅಂತ ಮೇಲಿಂದ ಮೇಲೆ ಒತ್ತಬೇಡಿ. ಇನ್ನೂ ಹತ್ತು ಸಲ ಹಾಗಾದರೆ ಕೆಪಾಸಿಟರ್ ಜೊತೆ ಸ್ಟಾರ್ಟಿಂಗ್ ವೈಂಡಿಂಗೂ ಹೋಗುತ್ತದೆ, ಅದರ ರಿಪೇರಿ ಖರ್ಚೇ ಬೇರೆ.

ಇನ್ನು ಬಿಸಿ. ಅಂಗಡಿಯ ಪಟ್ಟಿಯಲ್ಲಿ 2.5 ಎಂಎಂ ತಾಮ್ರ 20 ಆಂಪಿಯರ್ ತಡೆಯುತ್ತದೆ ಅಂತ ಇರುತ್ತದೆ, ಅದು ನಿಜವೇ. ಆದರೆ ಆ ಪಟ್ಟಿ ಹೇಳುವುದು ವೈರಿನ ಪಿವಿಸಿ ಕರಗದೆ ಎಷ್ಟು ಕರೆಂಟು ಹರಿಯಬಹುದು ಅಂತ ಮಾತ್ರ. ಅದರಲ್ಲಿ ಉದ್ದದ ಪ್ರಶ್ನೆಯೇ ಇಲ್ಲ, 5 ಮೀಟರಿಗೂ 500 ಮೀಟರಿಗೂ ಒಂದೇ ಅಂಕಿ. ನಿಮ್ಮ ವೈರಿನಲ್ಲಿ ಪಂಪು ಓಡುವಾಗ 200 ವ್ಯಾಟ್ ಹತ್ತಿರ ಹತ್ತಿರ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಅದು 560 ಮೀಟರಿಗೆ ಹಂಚಿಹೋಗುವುದರಿಂದ ಮೀಟರಿಗೆ ಮೂರನೇ ಒಂದು ವ್ಯಾಟೂ ಬರುತ್ತೋ ಇಲ್ಲವೋ, ಕೈಗೆ ಏನು ಗೊತ್ತಾಗಬೇಕು? ದೂರದ ಲೈನಿನಲ್ಲಿ ವೈರಿನ ಸೈಜು ನಿರ್ಧಾರ ಮಾಡುವುದು ಬಿಸಿ ಅಲ್ಲ, ವೋಲ್ಟೇಜ್ ನಷ್ಟ. ಹತ್ತಿರದ ಲೈನಿನಲ್ಲಿ ಉಲ್ಟಾ. ಮನೆ ವೈರಿಂಗ್ ಮಾಡಿ ಅಭ್ಯಾಸ ಇರುವವರು ಎಷ್ಟೇ ಒಳ್ಳೆ ಕೆಲಸಗಾರರಾದರೂ ಇಲ್ಲಿ ತಪ್ಪುವುದು ಇದೇ ಕಾರಣಕ್ಕೆ.

ಹೊಸ ವೈರು ತರುವ ಮೊದಲು ಒಂದು ಸಂಜೆ ಈ ಪರೀಕ್ಷೆ ಮಾಡಿ. ಇಬ್ಬರು ಬೇಕು, ಎರಡು ಮಲ್ಟಿಮೀಟರ್ ಬೇಕು, ಫೋನು ಬೇಕು. ಒಬ್ಬರು ಮನೆಯ ಬೋರ್ಡಿನಲ್ಲಿ, ಇನ್ನೊಬ್ಬರು ಪಂಪಿನ ಸ್ವಿಚ್ಚಿನ ಹತ್ತಿರ. ಪಂಪು ಆಫ್ ಇರುವಾಗ ಎರಡೂ ಕಡೆ ಒಂದೇ ಅಂಕಿ ಬರಬೇಕು. ಪಂಪು ಓಡುವಾಗ ಎರಡೂ ಕಡೆ ಒಂದೇ ಹೊತ್ತಿಗೆ ಓದಿ, ಬರೆದುಕೊಳ್ಳಿ. ಸಂಜೆ ಏಳದೇ ಇದ್ದರೆ ಓಡುವ ಅಂಕಿಯನ್ನು ಬೆಳಿಗ್ಗೆ ತೆಗೆದುಕೊಳ್ಳಿ. ಪಂಪಿನ ಟರ್ಮಿನಲ್ ಒದ್ದೆ ಇದ್ದರೆ, ಕೈ ನಡುಗುತ್ತಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮನೆಯಲ್ಲಿ 213, ಪಂಪಿನಲ್ಲಿ 184 ಬಂತು ಅನ್ನಿ. ವ್ಯತ್ಯಾಸ 29, ನಮ್ಮ ಲೆಕ್ಕಕ್ಕೆ ಹೊಂದುತ್ತದೆ, ವೈರು ಸಣ್ಣದು ಅಂತಲೇ ಅರ್ಥ. ವ್ಯತ್ಯಾಸ 45 ಬಂದರೆ ವೈರಿನ ಸೈಜು ಒಂದೇ ಕಾರಣ ಅಲ್ಲ, ಎಲ್ಲೋ ಒಂದು ಜಾಯಿಂಟ್ ಸಡಿಲ ಇದೆ ಅಥವಾ ತುಕ್ಕು ಹಿಡಿದಿದೆ. 90 ಮೀಟರಿನ ಕಾಯಿಲುಗಳನ್ನು ಜೋಡಿಸಿ 280 ಮೀಟರ್ ಮಾಡಿರುತ್ತೀರಿ, ಅಂದರೆ ಎರಡೂ ತಂತಿ ಸೇರಿ ಕಡಿಮೆ ಅಂದರೂ 6 ಜಾಯಿಂಟ್ ಇರುತ್ತವೆ. ಪಂಪು ಹದಿನೈದು ನಿಮಿಷ ಓಡಿದ ಮೇಲೆ ಮೇನ್ ಆಫ್ ಮಾಡಿ ಪ್ರತಿ ಜಾಯಿಂಟ್ ಟೇಪಿನ ಮೇಲೆ ಕೈ ಇಡಿ. ವೈರು ತಣ್ಣಗಿದ್ದು ಜಾಯಿಂಟ್ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ. ಇನ್ನೊಂದು ಸಾಧ್ಯತೆ, ವೈರೇ ನಕಲಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ವೈರು ಅಗ್ಗಕ್ಕೆ ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಅಲ್ಲ.

ಮೂರನೆಯದೂ ಇದೆ. ಪಂಪು ಹಾಕಿದ ಕೂಡಲೇ ಮನೆಯಲ್ಲಿರುವ ಮೀಟರೇ 215ರಿಂದ 195ಕ್ಕೆ ಬಿದ್ದು ಅಲ್ಲೇ ನಿಂತರೆ ಆ 20 ವೋಲ್ಟ್ ನಿಮ್ಮ ವೈರಿನದಲ್ಲ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನದೋ, ಕಂಬದ ಮೇಲಿನ ಜಾಯಿಂಟಿನದೋ, ದೂರದ ಟ್ರಾನ್ಸ್‌ಫಾರ್ಮರಿನದೋ ಇರಬೇಕು. ಅದಕ್ಕೆ ಲೈನ್‌ಮನ್ ಬರಬೇಕು. ಬರೆದುಕೊಂಡ ಅಂಕಿ ತೋರಿಸಿ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಿ, "ವೋಲ್ಟೇಜ್ ಕಮ್ಮಿ ಸಾರ್" ಅನ್ನುವುದಕ್ಕಿಂತ "ಪಂಪು ಹಾಕಿದರೆ ಮೀಟರ್ ಬೋರ್ಡಿನಲ್ಲೇ 20 ವೋಲ್ಟ್ ಬೀಳುತ್ತದೆ" ಅಂದರೆ ಅವರಿಗೂ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಇದನ್ನು ಸರಿ ಮಾಡದೆ ನೀವು ಎಂಥ ದಪ್ಪ ಕೇಬಲ್ ಎಳೆದರೂ ಆ 20 ವೋಲ್ಟ್ ವಾಪಸ್ ಬರುವುದಿಲ್ಲ.

ಸರಿ, ವೈರಿನದೇ ತಪ್ಪು ಅಂತಾಯಿತು. ಎಷ್ಟು ದಪ್ಪ ಬೇಕು? ಮೋಟರಿಗೆ ಓಡುವಾಗ 5 ಶೇಕಡಾ ನಷ್ಟದ ಒಳಗೆ ಇರಲಿ ಅಂತ ನಾವು ಸಾಮಾನ್ಯವಾಗಿ ಹಿಡಿಯುತ್ತೇವೆ. ನಿಮ್ಮಲ್ಲಿ ಸಂಜೆ ಬರುವುದೇ ಕಮ್ಮಿ ಇರುವುದರಿಂದ 10 ವೋಲ್ಟಿಗಿಂತ ಜಾಸ್ತಿ ಬಿಟ್ಟುಕೊಡಬೇಡಿ. ಅದೇ ಸೂತ್ರವನ್ನು ತಿರುಗಿಸಿ:

```
A = 2 × L × I × ρ / ನಷ್ಟ
ತಾಮ್ರ:        2 × 280 × 7 × 0.018 / 10 = 7.1
ಅಲ್ಯೂಮಿನಿಯಂ:  2 × 280 × 7 × 0.029 / 10 = 11.4
```

7.1 ಅಂತ ವೈರು ಸಿಗುವುದಿಲ್ಲ. ಸಿಗುವುದು 2.5, 4, 6, 10, 16, 25 ಹೀಗೆ. ಮೇಲಿನದನ್ನೇ ತೆಗೆದುಕೊಳ್ಳಬೇಕು: ತಾಮ್ರದಲ್ಲಿ 10, ಅಲ್ಯೂಮಿನಿಯಮ್ಮಿನಲ್ಲಿ 16. ಎರಡರಲ್ಲೂ ನಿಮಗೆ ಬರುವ ನಷ್ಟ ಹೆಚ್ಚುಕಮ್ಮಿ ಒಂದೇ, 7 ವೋಲ್ಟ್.

ಅಂಗಡಿಯವರ 4 ಎಂಎಂ ಹಾಕಿದರೆ ಏನಾಗುತ್ತದೆ? ಓಡುವಾಗ ನಷ್ಟ 28ರಿಂದ 18ಕ್ಕೆ ಬರುತ್ತದೆ. ಬೆಳಿಗ್ಗೆ ಪಂಪು ಚೆನ್ನಾಗಿ ಏಳುತ್ತದೆ, ನಿಮಗೂ ಸಮಾಧಾನ ಆಗುತ್ತದೆ. ಏಪ್ರಿಲ್ ತಿಂಗಳಲ್ಲಿ ಊರಿನ ವೋಲ್ಟೇಜ್ ಇನ್ನಷ್ಟು ಕುಸಿದಾಗ ಮತ್ತೆ ಅದೇ ಗುಂಯ್. ಪೂರ್ತಿ ದುಡ್ಡು ಕೊಟ್ಟು ಮುಕ್ಕಾಲು ಕೆಲಸ ಮಾಡಿಸಿಕೊಂಡ ಹಾಗೆ. ತಾಮ್ರವೇ ಬೇಕು, 10 ಎಂಎಂ ಕೈಗೆ ಎಟುಕುವುದಿಲ್ಲ ಅಂದರೆ 6 ಎಂಎಂ ಹಾಕಬಹುದು, ನಷ್ಟ 12 ವೋಲ್ಟ್. ಅದಕ್ಕಿಂತ ಕೆಳಗೆ ಇಳಿಯಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ 16 ಎಂಎಂ 2 ಕೋರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಹಾಕುತ್ತಿದ್ದೆ. ಅಲ್ಯೂಮಿನಿಯಂ ಅಂದ ಕೂಡಲೇ ಅನೇಕರು ಮುಖ ಕಿವುಚುತ್ತಾರೆ, ಅಗ್ಗದ ಮಾಲು ಅಂತ. ಆದರೆ ಕಂಬದ ಮೇಲೆ ಊರೂರಿಗೆ ಕರೆಂಟು ತರುವುದು ಅದೇ ಲೋಹ. ಲೆಕ್ಕ ನೋಡಿ: 560 ಮೀಟರ್ 10 ಎಂಎಂ ತಂತಿಗೆ ತಾಮ್ರವೇ ಸುಮಾರು 50 ಕೆಜಿ ಬೇಕು. ಅಷ್ಟೇ ಕೆಲಸ ಮಾಡುವ 16 ಎಂಎಂ ಅಲ್ಯೂಮಿನಿಯಂ 24 ಕೆಜಿ ಸಾಕು, ಅದರ ಮೇಲೆ ಕೆಜಿಯ ಬೆಲೆಯಲ್ಲಿ ತಾಮ್ರ ಮೂರು ಪಟ್ಟಿಗಿಂತ ಜಾಸ್ತಿ. ಹೊರಗಿನ ಕವಚದ ಖರ್ಚು ಸೇರಿಸಿದರೂ ವ್ಯತ್ಯಾಸ ದೊಡ್ಡದೇ. ಇದರಲ್ಲಿ ಸ್ಟಾರ್ಟಿಂಗ್ ಹೇಗಿರುತ್ತದೆ ಅಂದರೆ, ವೈರಿನ ರೆಸಿಸ್ಟೆನ್ಸ್ 4 ಓಮ್ ಇದ್ದದ್ದು 1 ಓಮಿಗೆ ಬರುತ್ತದೆ, ಮೋಟರಿಗೆ 195 ವೋಲ್ಟ್ ಉಳಿಯುತ್ತದೆ, ಬಲ 40ರಿಂದ 70 ಶೇಕಡಾ ಮೇಲಕ್ಕೆ. ಸಂಜೆ ಮನೆಯಲ್ಲಿ 195 ಇದ್ದಾಗಲೂ 60 ಶೇಕಡಾ ಸಿಗುತ್ತದೆ, ಅಂದರೆ ಈಗ ಬೆಳಿಗ್ಗೆ ಸಿಗುವುದಕ್ಕಿಂತ ಒಂದೂವರೆ ಪಟ್ಟು. ಮುಂದೆ 2 ಎಚ್‌ಪಿ ಹಾಕಿದರೂ ಓಡುವಾಗಿನ ನಷ್ಟ 13 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಅಲ್ಯೂಮಿನಿಯಂ ಕೆಡುವುದು ತುದಿಯಲ್ಲಿ. ಅದರ ಮೇಲೆ ಗಾಳಿ ತಾಗಿದ ಕೂಡಲೇ ಕರೆಂಟು ಹರಿಯದ ತೆಳು ಪೊರೆ ಕಟ್ಟುತ್ತದೆ, ಸ್ಕ್ರೂ ಕೆಳಗೆ ಒತ್ತಿದರೆ ಮೆತ್ತಗಾಗಿ ಕಾಲಕ್ರಮೇಣ ಸಡಿಲ ಆಗುತ್ತದೆ, ತಾಮ್ರದ ಜೊತೆ ಸುಮ್ನೆ ಹೊಸೆದು ಟೇಪ್ ಸುತ್ತಿದರೆ ಒಂದು ಮಳೆಗಾಲದಲ್ಲಿ ಕೊರೆದು ಬಿಳಿ ಪುಡಿ ಆಗುತ್ತದೆ. ಆದ್ದರಿಂದ ಎರಡೂ ತುದಿಗೆ ಬೈಮೆಟಲ್ ಲಗ್ ಹಾಕಿ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ, ಒಂದು ಡಬ್ಬಿಯೊಳಗೆ ಬೋಲ್ಟಿನಲ್ಲಿ ಕೂರಿಸಿ, ಅಲ್ಲಿಂದ ಪಂಪಿನ ಸ್ಟಾರ್ಟರಿಗೆ ಮೊಳ ಉದ್ದದ ತಾಮ್ರದ ವೈರು ಕೊಡಿ. ಇಕ್ಕಳದಲ್ಲಿ ಚಪ್ಪಟೆ ಮಾಡಿದ ಲಗ್ ಬೇಡ. ಮಧ್ಯೆ ಜಾಯಿಂಟ್ ಇಲ್ಲದ ಒಂದೇ ಉದ್ದದ ಕೇಬಲ್ ಕೇಳಿ. ಎರಡೂವರೆ ಅಡಿ ಆಳದಲ್ಲಿ, ಕೆಳಗೆ ಮೇಲೆ ಸ್ವಲ್ಪ ಮರಳು ಹಾಕಿ, ಅದರ ಮೇಲೆ ಇಟ್ಟಿಗೆ ಜೋಡಿಸಿ ಹೂಳಿ. ಹಂದಿ ಕೆದಕಿದರೂ, ಮುಂದೆ ಯಾರಾದರೂ ಗುದ್ದಲಿ ಹಾಕಿದರೂ ಇಟ್ಟಿಗೆ ಮೊದಲು ಸಿಗುತ್ತದೆ.

ಹೂಳುವ ಖರ್ಚು ಉಳಿಸಲು ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗುವ ಪದ್ಧತಿ ನಿಮ್ಮ ಕಡೆ ಇದೆ ಅಂತ ನನಗೆ ಗೊತ್ತು. ಗಾಳಿಗೆ ಮರ ತೂಗುತ್ತದೆ, ಕಟ್ಟಿದ ಜಾಗದಲ್ಲಿ ಇನ್ಸುಲೇಷನ್ ಸವೆಯುತ್ತದೆ, ಸೋಗೆ ಬಿದ್ದು ವೈರು ಎಳೆಯುತ್ತದೆ. ಕೊಯ್ಲಿಗೆ, ಔಷಧಿ ಹೊಡೆಯುವುದಕ್ಕೆ ಈಗ ಎಲ್ಲರ ಕೈಯಲ್ಲೂ ಅಲ್ಯೂಮಿನಿಯಂ, ಕಾರ್ಬನ್ ಫೈಬರ್ ದೋಟಿ ಇದೆ, ಎರಡರಲ್ಲೂ ಕರೆಂಟು ಸರಾಗ ಹರಿಯುತ್ತದೆ. ಸವೆದ ವೈರಿಗೆ ದೋಟಿ ತಾಗಿದರೆ ಹಿಡಿದವರು ನಿಂತಿರುವುದು ಒದ್ದೆ ನೆಲದ ಮೇಲೆ. ತೋಟದೊಳಗೆ ಹೂಳುವುದೊಂದೇ ದಾರಿ.

ಸ್ಟೆಬಿಲೈಸರ್ ಬಗ್ಗೆ. ಪಂಪಿನ ಹತ್ತಿರ ಇಟ್ಟರೆ ಅದು 187ನ್ನು 220 ಮಾಡಿ ಕೊಡಬಹುದು, ಆದರೆ ಎಲ್ಲಿಂದ ಕೊಡುತ್ತದೆ? ವೈರಿನಿಂದ ಇನ್ನಷ್ಟು ಕರೆಂಟು ಎಳೆದು. ಆಗ ವೈರಿನ ನಷ್ಟವೇ ಏರುತ್ತದೆ. ಸ್ಟಾರ್ಟಿಂಗಿನಲ್ಲಂತೂ ಒಳಬರುವ ವೋಲ್ಟೇಜ್ ಕುಸಿದು, ಲೋ ಕಟ್ ರಿಲೇ ಟಕ್ ಟಕ್ ಅಂತ ಹಾರುತ್ತದೆ. ಮನೆಯ ತುದಿಯಲ್ಲಿ ಇಟ್ಟು 250 ಮಾಡಿ ಕಳಿಸುವವರೂ ಇದ್ದಾರೆ. ಪಂಪು ನಿಂತಾಗ ಆ 250 ಹಾಗೇ ಬಾವಿ ಹತ್ತಿರದ ಬಲ್ಬಿಗೆ ಹೋಗುತ್ತದೆ. ಸ್ಟೆಬಿಲೈಸರಿಗೆ ಅರ್ಥ ಇರುವುದು ಮನೆಗೆ ಬರುವ ವೋಲ್ಟೇಜೇ ಕಮ್ಮಿ ಇದ್ದಾಗ, ಸಣ್ಣ ವೈರಿಗೆ ಅದು ಮದ್ದಲ್ಲ.

ಹಳೆ 2.5ರ ಪಕ್ಕಕ್ಕೆ ಇನ್ನೊಂದು 4 ಎಂಎಂ ಎಳೆದು ಜೋಡಿಸಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಯಾವಾಗಲೂ ಬರುತ್ತದೆ. ಲೆಕ್ಕದಲ್ಲಿ ಕೂಡುತ್ತದೆ, ಎರಡೂ ಸೇರಿ 6.5 ಎಂಎಂ ಆಗುತ್ತದೆ. ತೊಂದರೆ ಏನಂದರೆ ಒಂದರ ಜಾಯಿಂಟ್ ಬಿಟ್ಟರೂ ಪಂಪು ಓಡುತ್ತಲೇ ಇರುತ್ತದೆ, ಇನ್ನೊಂದರ ಮೇಲೆ ಭಾರ ಬಿದ್ದಿದ್ದು ಯಾರಿಗೂ ತಿಳಿಯುವುದಿಲ್ಲ. ಬಿಟ್ಟ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ನಾನು ಹೇಳುವುದಿಲ್ಲ.

ಇನ್ನೊಂದು ದಾರಿ ಇದೆ, 3 ಫೇಸ್ ಮೋಟರ್ ಹಾಕಿ, ಬಾವಿ ಹತ್ತಿರ ಸಿಂಗಲ್ ಫೇಸನ್ನು 3 ಫೇಸ್ ಮಾಡುವ ಡ್ರೈವ್ ಇಡುವುದು. ಅದು ಮೋಟರನ್ನು ನಿಧಾನಕ್ಕೆ ಎಬ್ಬಿಸುತ್ತದೆ, ಸ್ಟಾರ್ಟಿಂಗಿನ 35 ಆಂಪಿಯರ್ ಪ್ರಶ್ನೆಯೇ ಇಲ್ಲ. ಆದರೆ ಈಗಿರುವ ಕೆಪಾಸಿಟರ್ ಮೋಟರಿಗೆ ಅದು ಆಗುವುದಿಲ್ಲ, ಮೋಟರೂ ಹೊಸದೇ ಬೇಕು. ಜೊತೆಗೆ ಮೇ ತಿಂಗಳ ಗುಡುಗು ಮಿಂಚಿಗೆ ಮಲೆನಾಡಿನಲ್ಲಿ ಇಂಥ ಎಲೆಕ್ಟ್ರಾನಿಕ್ ಪೆಟ್ಟಿಗೆ ಎಷ್ಟು ವರ್ಷ ಬಾಳುತ್ತದೆ ಅಂತ ನಿಮಗೇ ಗೊತ್ತು. ಕೇಬಲ್ಲಿಗೆ ಆ ಭಯ ಕಮ್ಮಿ.

ಕೊನೆಗೆ, ಎಲ್ಲರೂ ಮರೆಯುವ ಒಂದು ವಿಷಯ. ಸಣ್ಣ ವೈರಿನ ತುದಿಯಲ್ಲಿ ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ ಅಂತ ನಂಬಿಕೊಂಡಿರುತ್ತೇವೆ ಅಲ್ವಾ? ನಿಮ್ಮ ಈಗಿನ ವೈರಿನಲ್ಲಿ ಬಾವಿ ಹತ್ತಿರ ಫೇಸ್ ನ್ಯೂಟ್ರಲ್ ಪೂರ್ತಿ ಮುಟ್ಟಿಕೊಂಡರೂ ಹರಿಯುವುದು 215 ಭಾಗಿಸು 4, ಹೆಚ್ಚೆಂದರೆ 54 ಆಂಪಿಯರ್. 16 ಆಂಪಿಯರಿನ ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 54ಕ್ಕೆ ಅದು ಒಳಗಿನ ಪಟ್ಟಿ ಕಾದು ಬಾಗುವ ತನಕ ಕಾಯುತ್ತದೆ, ಅಷ್ಟು ಸೆಕೆಂಡು ಅಲ್ಲಿ ಕಿಡಿ ಹಾರುತ್ತಿರುತ್ತದೆ. 16 ಎಂಎಂ ಅಲ್ಯೂಮಿನಿಯಮ್ಮಿನಲ್ಲಿ ಅದೇ ಶಾರ್ಟಿಗೆ 200 ಆಂಪಿಯರ್ ಹತ್ತಿರ ಹರಿಯುತ್ತದೆ, ಎಂಸಿಬಿ ಕಣ್ಣು ಮುಚ್ಚಿ ಬಿಡುವುದರೊಳಗೆ ಬೀಳುತ್ತದೆ. ಕಂಬದಿಂದ ಮನೆಗೆ ಬರುವ ಲೈನಿನ ರೆಸಿಸ್ಟೆನ್ಸ್ ಸೇರಿದರೆ ಎರಡೂ ಅಂಕಿ ಇನ್ನೂ ಇಳಿಯುತ್ತವೆ, ಹಾಗಾಗಿ ದಪ್ಪ ಕೇಬಲ್ ಇಲ್ಲಿ ಇನ್ನಷ್ಟು ಮುಖ್ಯ.

ಆದರೆ ಮನುಷ್ಯರಿಗೆ ಶಾಕ್ ಹೊಡೆಯುವುದನ್ನು ತಪ್ಪಿಸುವುದು ಎಂಸಿಬಿ ಕೆಲಸವೇ ಅಲ್ಲ. ಅದಕ್ಕೆ ಮನೆಯ ತುದಿಯಲ್ಲಿ ಈ ಲೈನಿಗೇ ಅಂತ ಬೇರೆ ಒಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿ. ಬಾವಿ ಹತ್ತಿರ ಅರ್ತ್ ಪೈಪ್ ಹೊಡೆಯಿರಿ, ಪಂಪಿನ ಬಾಡಿಗೆ ಜೋಡಿಸಿ. ಅರ್ತ್ ಪೈಪಿಗೆ ಇರಬೇಕಾದ ಕೆಲಸ ಇದು. ಆ ಪೈಪು ಅಷ್ಟೇನೂ ಚೆನ್ನಾಗಿಲ್ಲ, 100 ಓಮ್ ಇದೆ ಅಂದುಕೊಂಡರೂ ವೈಂಡಿಂಗ್ ಬಾಡಿಗೆ ತಾಗಿದಾಗ 2 ಆಂಪಿಯರ್ ಹರಿಯುತ್ತದೆ, ಆರ್‌ಸಿಸಿಬಿಗೆ 0.03 ಸಾಕು. ಮಳೆಗಾಲದಲ್ಲಿ ಅದು ಪದೇ ಪದೇ ಬೀಳತೊಡಗಿದರೆ ಯಾವುದೋ ಜಾಯಿಂಟಿಗೋ ಪಂಪಿನ ಟರ್ಮಿನಲ್ ಡಬ್ಬಿಗೋ ನೀರು ಹೋಗಿದೆ ಅಂತ ಅರ್ಥ. ಒಣಗಿಸಿ ಸರಿ ಮಾಡಿ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಬೇಡಿ.

ಹಳೆ 2.5 ವೈರನ್ನು ಎಸೆಯಬೇಡಿ. ತೋಟದಿಂದ ಬಿಚ್ಚಿಕೊಂಡು ಬಂದು, ಸವೆದ ಭಾಗ ಕತ್ತರಿಸಿ, ಉಳಿದದ್ದನ್ನು ಕೊಟ್ಟಿಗೆಗೋ ಅಂಗಳದ ದೀಪಕ್ಕೋ ಹಾಕಿ. 9 ವ್ಯಾಟ್ ಎಲ್‌ಇಡಿ ಬಲ್ಬು ಎಳೆಯುವುದು 0.05 ಆಂಪಿಯರಿಗಿಂತಲೂ ಕಮ್ಮಿ, ಅದೇ 280 ಮೀಟರ್ ಎಳೆದರೂ ಕಾಲು ವೋಲ್ಟೂ ಕಳೆಯುವುದಿಲ್ಲ.